ಗಾಜಿನ ಕಟ್ಟಿನೊಳಗಿರುವ ಹಳೆಯ ಫೋಟೊವನ್ನು ಫೋನಿನಲ್ಲಿ ತೆಗೆಯುವುದು: ಹೊಳಪು, ಓರೆ, ಏರುಪೇರು ಬೆಳಕಿನ ದೋಷ ನಿವಾರಣೆ

ಕಟ್ಟು ಹಾಕಿಸಿದ ಹಳೆಯ ಫೋಟೊವನ್ನು ಫೋನಿನಲ್ಲಿ ತೆಗೆದು ನೋಡಿದರೆ ಸಾಮಾನ್ಯವಾಗಿ ಮೂರು ದೋಷಗಳು ಕಾಣುತ್ತವೆ. ಗಾಜಿನಲ್ಲಿ ಕಿಟಕಿಯೋ ತೆಗೆದವರ ಮುಖವೋ ಮೂಡಿರುತ್ತದೆ. ಚೌಕಟ್ಟು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗಿರುತ್ತದೆ. ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕ ಮಂಕಾಗಿರುತ್ತದೆ.

ಇವನ್ನು ಬಿಡಿಬಿಡಿಯಾಗಿ ಸರಿಪಡಿಸಲು ಹೊರಟವರಿಗೆ ಒಂದು ಹೋದರೆ ಇನ್ನೊಂದು ಬರುತ್ತದೆ. ಮುಖ ಗಾಜಿನಲ್ಲಿ ಬೀಳದಿರಲಿ ಎಂದು ಪಕ್ಕಕ್ಕೆ ಸರಿದರೆ ಚೌಕಟ್ಟು ಓರೆಯಾಗುತ್ತದೆ. ಓರೆ ಹೋಗಲಿ ಎಂದು ಎದುರಿಗೆ ಬಂದರೆ ಮುಖ ಮತ್ತೆ ಬೀಳುತ್ತದೆ. ಹೊಳಪು ಬೇಡವೆಂದು ಕೋಣೆಯ ದೀಪ ಆರಿಸಿದರೆ, ಉಳಿದ ಒಂದೇ ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬಂದು ಮತ್ತೊಂದು ಪಕ್ಕ ಕಪ್ಪಿಡುತ್ತದೆ. ಆದ್ದರಿಂದ ಇಲ್ಲಿ ಕ್ರಮ ಮುಖ್ಯ. ಮೊದಲು ಫೋನು ಗಾಜಿಗೆ ನೇರವಾಗಿ ನಿಲ್ಲಬೇಕು. ಆಮೇಲೆ ಗಾಜಿನ ಎದುರಿಗೆ ಕತ್ತಲೆ ಮಾಡಬೇಕು. ಬೆಳಕು ಕೊನೆಗೆ, ಅದೂ ಪಕ್ಕಗಳಿಂದ. ಮುಂದಿನ ಹೆಜ್ಜೆಯ ತೊಂದರೆಗಾಗಿ ಹಿಂದಿನ ಹೆಜ್ಜೆಯನ್ನು ಕದಲಿಸಬಾರದು. ಹೊಳಪು ಕಂಡಿತೆಂದು ಫೋನನ್ನು ಸರಿಸುವುದೇ ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು.

ಗಾಜು ತೆಗೆದೇ ಫೋಟೊ ಹಿಡಿಯಬಾರದೇಕೆ ಎಂದು ಕೇಳಬಹುದು. ಸಲೀಸಾಗಿ ಬಿಚ್ಚಬಹುದಾದ ಕಟ್ಟು ಆಗಿದ್ದು, ಫೋಟೊಕ್ಕೂ ಗಾಜಿಗೂ ನಡುವೆ ಮೌಂಟ್ ರಟ್ಟಿನ ಅಂತರವಿದ್ದರೆ ಹಾಗೆ ಮಾಡಬಹುದು. ಆದರೆ ಫೋಟೊ ಗಾಜಿಗೆ ತಾಗಿಯೇ ಕೂತಿದ್ದರೆ ಬೇಡ. ಹಳೆಯ ಕಪ್ಪು-ಬಿಳುಪು ಪ್ರಿಂಟುಗಳ ಮೇಲ್ಪದರ ಜೆಲಾಟಿನ್‌ನದು; ತೇವ ಹೀರಿ ಅಂಟಾಗುತ್ತದೆ, ಒಣಗಿದಾಗ ಗಾಜಿಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಚಿತ್ರವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಓರೆಯಿಂದ ನೋಡಿದಾಗ ಅಲ್ಲಲ್ಲಿ ಒದ್ದೆಯಾದಂತೆ ಗಾಢವಾದ ತೇಪೆಗಳು ಕಂಡರೆ ಅಲ್ಲಿ ಅಂಟಿದೆ ಎಂದು ತಿಳಿಯಿರಿ. ಅಂಥ ಫೋಟೊಕ್ಕೆ ಗಾಜಿನ ಮೇಲಿನಿಂದಲೇ ತೆಗೆಯುವುದು ಸುರಕ್ಷಿತ ದಾರಿ.

ಮೊದಲ ಪರೀಕ್ಷೆ: ಕಲೆ ಎಲ್ಲಿದೆ?

ಚಿತ್ರದಲ್ಲಿ ಬೆಳ್ಳಗೆ ಕಂಡದ್ದೆಲ್ಲ ಗಾಜಿನ ಹೊಳಪಲ್ಲ. ಬೆಳಕು ಸರಿಪಡಿಸಲು ಕೂರುವ ಮೊದಲು ಇದನ್ನು ತೀರ್ಮಾನಿಸಿಕೊಂಡರೆ ಬಹಳ ಸಮಯ ಉಳಿಯುತ್ತದೆ.

ಚೌಕಟ್ಟಿನ ಎದುರು ನಿಂತು ತಲೆಯನ್ನು ಒಂದು ಗೇಣಿನಷ್ಟು ಎಡಕ್ಕೆ, ಬಲಕ್ಕೆ ಆಡಿಸಿ. ಬಿಳಿ ಕಲೆ ತಲೆಯ ಜೊತೆ ಫೋಟೊದ ಮೇಲೆ ಜಾರುತ್ತ ಹೋದರೆ ಅದು ಗಾಜಿನ ಪ್ರತಿಬಿಂಬ. ಇದ್ದಲ್ಲೇ ಇದ್ದು ಬದಲಾಗದಿದ್ದರೆ ಅದು ಫೋಟೊದ ಮೇಲಿನ ಅಥವಾ ಗಾಜಿನ ಒಳಮೈಯ ಕಲೆ. ಯಾವ ಬೆಳಕೂ ಅದನ್ನು ತೆಗೆಯಲಾರದು. ಮೂರನೆಯ ಸಾಧ್ಯತೆ ಒಂದಿದೆ, ಅದನ್ನೇ ಹೆಚ್ಚಿನವರು ತಪ್ಪಾಗಿ ಓದುತ್ತಾರೆ. ಹಳೆಯ ಪ್ರಿಂಟಿನ ಅಂಚುಗಳಲ್ಲಿ, ಅದರಲ್ಲೂ ಕಪ್ಪು ಭಾಗಗಳಲ್ಲಿ, ನೀಲಿ ಛಾಯೆಯ ಲೋಹದಂಥ ಮಿನುಗು ಕಾಣುತ್ತದೆ. ಅದು ಜಾಗ ಬಿಟ್ಟು ಕದಲುವುದಿಲ್ಲ, ಆದರೆ ನೋಡುವ ಕೋನ ಬದಲಾದಂತೆ ಹೊಳೆಯುತ್ತದೆ ಅಥವಾ ಆರುತ್ತದೆ. ಚಿತ್ರವನ್ನು ಮೂಡಿಸಿದ ಬೆಳ್ಳಿಯೇ ಕಾಲಕ್ರಮದಲ್ಲಿ ಮೇಲ್ಮೈಗೆ ಬಂದು ಕನ್ನಡಿಯಾಗಿರುವುದರ ಗುರುತು ಅದು. ಗಾಜಿನ ಹೊಳಪಿಗೆ ಮಾಡುವ ಉಪಾಯವೇ ಇದನ್ನೂ ಬಹುಮಟ್ಟಿಗೆ ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಗಾಜನ್ನು ಈಗಲೇ ಒರೆಸಿಬಿಡಿ. ಪಕ್ಕದಿಂದ ಬೆಳಕು ಬಿಟ್ಟಾಗ ಒಂದೊಂದು ಧೂಳಿನ ಕಣವೂ ಎದ್ದು ಕಾಣುತ್ತದೆ. ನೀರನ್ನಾಗಲಿ ಕ್ಲೀನರನ್ನಾಗಲಿ ಗಾಜಿನ ಮೇಲೆ ಸ್ಪ್ರೇ ಮಾಡಬೇಡಿ. ಅದು ಚೌಕಟ್ಟಿನ ಅಂಚಿನಲ್ಲಿ ಇಳಿದು ಫೋಟೊಕ್ಕೆ ತಲುಪುತ್ತದೆ. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಒಣಬಟ್ಟೆಯಿಂದ ಮುಗಿಸಿ.

ಓರೆ: ಒಂದು ಚಪ್ಪಟೆ ಕನ್ನಡಿ ಸಾಕು

ಗೋಡೆಯ ಮೇಲೆ ದಾರಕ್ಕೆ ತೂಗಿದ ಚೌಕಟ್ಟು ಗೋಡೆಗೆ ಸಮಾನಾಂತರವಾಗಿ ಇರುವುದು ಕಡಿಮೆ. ಮೇಲಂಚು ಮುಂದಕ್ಕೆ ಬಾಗಿರುತ್ತದೆ. ಈ ಬಾಗು ಕಣ್ಣಿಗೆ ಹೆಚ್ಚೆನಿಸದಿದ್ದರೂ ಚಿತ್ರದಲ್ಲಿ ಬೀಳುತ್ತದೆ. 40 ಸೆಂ.ಮೀ. ಎತ್ತರದ ಚೌಕಟ್ಟು 5 ಡಿಗ್ರಿಯಷ್ಟು ಬಾಗಿದೆ, ಫೋನು 80 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಮೇಲಂಚು ಕೆಳ ಅಂಚಿಗಿಂತ ಸುಮಾರು 3.5 ಸೆಂ.ಮೀ. ಹತ್ತಿರವಾಗುತ್ತದೆ, ಚಿತ್ರದಲ್ಲಿ ಮೇಲಂಚು ಕೆಳಗಿನದಕ್ಕಿಂತ ನೂರಕ್ಕೆ 4ಕ್ಕೂ ಮಿಕ್ಕಿ ಅಗಲವಾಗುತ್ತದೆ. ಫೋನನ್ನು ಗೋಡೆಗೆ ಎಷ್ಟೇ ನೇರವಾಗಿ ಹಿಡಿದರೂ ಇದು ಹೋಗುವುದಿಲ್ಲ, ಏಕೆಂದರೆ ಓರೆಯಾಗಿರುವುದು ಚೌಕಟ್ಟು. ಫೋನಿನ ಮಟ್ಟದ ಗೆರೆ, ಅಂದರೆ ಲೆವೆಲ್, ಇಲ್ಲಿ ಕೈಕೊಡುವುದೂ ಇದೇ ಕಾರಣಕ್ಕೆ. ಅದು ನೆಲಕ್ಕೆ ಹೋಲಿಸಿ ಹೇಳುತ್ತದೆ, ನಿಮಗೆ ಬೇಕಾಗಿರುವುದು ಗಾಜಿಗೆ ಹೋಲಿಸಿದ ಅಳತೆ.

ಅದಕ್ಕೆ ಕನ್ನಡಿ. ಅಂಗೈ ಅಗಲದ, ಸುತ್ತ ಅಂಚುಪಟ್ಟಿ ಇಲ್ಲದ ಚಪ್ಪಟೆ ಕನ್ನಡಿಯೊಂದನ್ನು ತೆಗೆದುಕೊಳ್ಳಿ. ಉಬ್ಬಿದ ಅಂಚಿರುವ ಕನ್ನಡಿ ಗಾಜಿನ ಮೇಲೆ ಸಮವಾಗಿ ಕೂರುವುದಿಲ್ಲ. ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿ, ಕೆಳಗೆ ಜಾರದಂತೆ ಏನಾದರೂ ಅಡ್ಡ ಇಡಿ. ಫೋನನ್ನು ಟ್ರೈಪಾಡಿಗೆ ಹಾಕಿ, ಲೆನ್ಸು ಗಾಜಿನ ಮಧ್ಯದ ಎತ್ತರಕ್ಕೆ ಬರಲಿ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಇನ್ನೊಬ್ಬರು ಕನ್ನಡಿಯನ್ನು ಗಾಜಿನ ನಟ್ಟನಡುವೆ ಒತ್ತಿ ಹಿಡಿಯಲಿ, ನೀವು ತೆರೆಯನ್ನು ನೋಡಿ.

ಕನ್ನಡಿಯಲ್ಲಿ ನಿಮ್ಮ ಫೋನಿನ ಹಿಂಬದಿ, ಅದರ ಲೆನ್ಸುಗಳು ಕಾಣುತ್ತವೆ. ಫೋಟೊ ತೆಗೆಯುತ್ತಿರುವ ಲೆನ್ಸಿನ ಬಿಂಬ ತೆರೆಯ ನಟ್ಟನಡುವೆ, ಗ್ರಿಡ್ಡಿನ ಮಧ್ಯದ ಮನೆಯ ಮಧ್ಯಕ್ಕೆ ಬರುವವರೆಗೆ ಫೋನನ್ನು ತಿರುಗಿಸಿ, ಏರಿಸಿ, ಇಳಿಸಿ. ಬಿಂಬ ಮಧ್ಯದಲ್ಲಿ ನಿಂತಾಗ ಲೆನ್ಸಿನ ನೋಟ ಗಾಜಿಗೆ ಲಂಬವಾಗಿದೆ. ಇದು ಅಂದಾಜಲ್ಲ. ಕನ್ನಡಿಯಲ್ಲಿ ಲೆನ್ಸು ತನ್ನನ್ನು ತಾನು ಕಾಣುವುದು ಲಂಬ ರೇಖೆಯಲ್ಲಿ ಮಾತ್ರ. ಆ ರೇಖೆ ಚಿತ್ರದ ಮಧ್ಯದಲ್ಲಿ ಹಾದರೆ ಫೋನು ನೇರ ಎಂದೇ ಅರ್ಥ. ಚೌಕಟ್ಟು ಹಿಂದಕ್ಕೆ ಒರಗಿದ್ದರೆ ಫೋನು ಅಷ್ಟೇ ಕೆಳಮುಖವಾಗಿ ಬಾಗಬೇಕಾಗುತ್ತದೆ, ಆ ಲೆಕ್ಕವನ್ನೂ ಕನ್ನಡಿಯೇ ಮಾಡಿಕೊಡುತ್ತದೆ. ಹತ್ತು ಸೆಂ.ಮೀ. ಕನ್ನಡಿಯ ಒಂದು ಅಂಚಿನಡಿ ಒಂದು ಮಿ.ಮೀ. ಸಂದಿದ್ದರೂ ತಪ್ಪು ಅರ್ಧ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ. ಫೋನು ತನ್ನ ಅಕ್ಷದಲ್ಲೇ ಕೊಂಚ ಸುತ್ತಿಕೊಂಡು ಚಿತ್ರ ವಾಲಿದ್ದರೆ ಅದನ್ನು ಕನ್ನಡಿ ತೋರಿಸದು, ಆದರೆ ಅದು ಆಕಾರ ಕೆಡಿಸುವುದಿಲ್ಲ. ಆಮೇಲೆ ತಿರುಗಿಸಿ ಸರಿಮಾಡಬಹುದು.

ಕನ್ನಡಿ ತೆಗೆದ ಮೇಲೆ ಫೋಟೊದ ಮೇಲೆ ಬೆರಳೊತ್ತಿ ಫೋಕಸ್ ಮತ್ತೆ ಮಾಡಿಸಿ. ಕನ್ನಡಿಯೊಳಗಿನ ಬಿಂಬಕ್ಕೆ ಫೋಕಸ್ ಆಗಿದ್ದರೆ ಫೋನು ಎರಡು ಪಟ್ಟು ದೂರಕ್ಕೆ ಹೊಂದಿಕೊಂಡಿರುತ್ತದೆ, ಆಗ ಫೋಟೊ ಮಸುಕಾಗಿ ಬರುತ್ತದೆ.

ದೂರ ಮತ್ತು ಲೆನ್ಸಿನ ಬಗ್ಗೆ ಒಂದು ಮಾತು. ಅಲ್ಟ್ರಾವೈಡ್ ಬೇಡವೇ ಬೇಡ. ಅಂಚುಗಳನ್ನು ಎಳೆದು ಹಿಗ್ಗಿಸುತ್ತದೆ. ಸಾಮಾನ್ಯವಾಗಿ ಫೋನಿನ 1x ಲೆನ್ಸು 80 ಸೆಂ.ಮೀ. ದೂರದಿಂದ ಸುಮಾರು ಒಂದು ಮೀಟರ್ ಅಗಲವನ್ನು ಕಾಣುತ್ತದೆ, 2x ಅದರ ಅರ್ಧ. ಹಾಗಾಗಿ 40 ಸೆಂ.ಮೀ. ಅಗಲದ ಗಾಜಿಗೆ 80 ಸೆಂ.ಮೀ. ದೂರ, 2x ಒಳ್ಳೆಯ ಜೋಡಿ. ಚಿತ್ರದ ಅಗಲ 4000 ಪಿಕ್ಸೆಲ್ ಇದ್ದರೆ ಫೋಟೊದ ಪಾಲಿಗೆ 3000 ಸಿಗುತ್ತದೆ. 1x ನಲ್ಲೇ ತುಂಬಾ ಹತ್ತಿರ ಹೋದರೆ ಕೆಲವು ಫೋನುಗಳು ಹೇಳದೆಕೇಳದೆ ಮ್ಯಾಕ್ರೋಗೆ, ಅಂದರೆ ಅಲ್ಟ್ರಾವೈಡ್ ಲೆನ್ಸಿಗೆ ಜಿಗಿಯುತ್ತವೆ. ಬೆಳಕು ಕಡಿಮೆಯಿದ್ದಾಗ ಟೆಲಿ ಲೆನ್ಸು ಬಿಟ್ಟು ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಕೊಡುವ ಫೋನುಗಳೂ ಇವೆ. ಯಾವ ಲೆನ್ಸು ಕೆಲಸ ಮಾಡುತ್ತಿದೆ ಎಂಬ ಅನುಮಾನ ಬಂದರೆ ಬೆರಳಿನಿಂದ ಒಂದೊಂದನ್ನೇ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ತೆರೆ ಕಪ್ಪಾಗುತ್ತದೋ ಅದೇ. ಕನ್ನಡಿಯ ಮಧ್ಯಕ್ಕೆ ತರಬೇಕಾದ ಲೆನ್ಸೂ ಅದೇ.

ಹೊಳಪು: ಗಾಜು ಏನನ್ನು ನೋಡುತ್ತಿದೆ?

ಸಾಮಾನ್ಯ ಗಾಜಿನ ಒಂದೊಂದು ಮೈಯೂ ಎದುರಿನಿಂದ ಬಂದ ಬೆಳಕಿನ ನೂರಕ್ಕೆ 4 ಭಾಗವನ್ನು ತಿರುಗಿಸಿ ಕಳಿಸುತ್ತದೆ. ಎರಡೂ ಮೈ ಸೇರಿ ಸುಮಾರು 8. ಕಡಿಮೆ ಎನಿಸಬಹುದು. ಆದರೆ ಫೋಟೊದಲ್ಲಿರುವ ಕಪ್ಪು ಕೋಟು, ತಲೆಗೂದಲು, ನೆರಳಿನ ಭಾಗ ತಾವಾಗಿ ಹಿಂತಿರುಗಿಸುವ ಬೆಳಕೂ ನೂರಕ್ಕೆ ನಾಲ್ಕೈದರ ಆಸುಪಾಸು. ಅಲ್ಲಿ ಗಾಜಿನ ಪಾಲೂ ಫೋಟೊದ ಪಾಲೂ ಸರಿಸಮವಾಗಿ ನಿಲ್ಲುತ್ತವೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಪ್ರತಿಬಿಂಬ ಗೊತ್ತೇ ಆಗದೆ, ಕಪ್ಪಿನ ಮೇಲೆ ಬಿದ್ದದ್ದು ಎದ್ದು ಕಾಣುವುದು ಈ ಕಾರಣಕ್ಕೆ. ಆದ್ದರಿಂದ ಹೊಳಪು ಹೋಗಿದೆಯೇ ಎಂದು ಪರೀಕ್ಷಿಸುವಾಗ ಫೋಟೊದ ಅತಿ ಕಪ್ಪು ಜಾಗಗಳನ್ನು ಮಾತ್ರ ದೊಡ್ಡದು ಮಾಡಿ ನೋಡಿ. ಮುಖಗಳನ್ನು ನೋಡಿ ಸರಿಯಾಗಿದೆ ಎಂದುಕೊಂಡರೆ, ಕಪ್ಪು ಬೂದಾಗಿ ತೇಲಿರುವುದು ತಪ್ಪಿಹೋಗುತ್ತದೆ.

ಗಾಜು ಏನನ್ನು ನೋಡುತ್ತಿದೆ ಎಂದು ತಿಳಿಯಲು ಅದೇ ಕನ್ನಡಿ. ಅದನ್ನು ಗಾಜಿನ ನಾಲ್ಕು ಮೂಲೆಗಳಿಗೂ ಮಧ್ಯಕ್ಕೂ ಒಂದೊಂದಾಗಿ ಹಿಡಿಸಿ ಫೋನಿನ ತೆರೆಯಲ್ಲಿ ನೋಡಿ. ಮಸುಕಾದ ಬಿಳಿ ಮಚ್ಚೆ ಯಾವುದೆಂದು ಊಹಿಸುತ್ತ ಕೂರಬೇಕಿಲ್ಲ. ಬಾಗಿಲ ಸಂದೋ, ಬಿಳಿ ಗೋಡೆಯೋ, ನಿಮ್ಮ ತಿಳಿ ಬಣ್ಣದ ಅಂಗಿಯೋ ಸ್ಪಷ್ಟವಾಗಿ ಕಾಣುತ್ತದೆ. ಕನ್ನಡಿಯಲ್ಲಿ ಬೆಳಕಾಗಿ ಕಂಡದ್ದನ್ನೆಲ್ಲ ಕಪ್ಪು ಮಾಡಿದರೆ ಹೊಳಪು ಮುಗಿಯಿತು.

ಕಪ್ಪು ಮಾಡಬೇಕಾದ ಜಾಗ ಎಷ್ಟು ಎಂಬುದಕ್ಕೆ ಸುಲಭ ಲೆಕ್ಕವಿದೆ. ಫೋನು ನೇರವಾಗಿ ಮಧ್ಯದಲ್ಲಿದ್ದರೆ, ಫೋನು ಇರುವ ಸಾಲಿನಲ್ಲಿ ಗಾಜಿನ ಅಗಲ, ಎತ್ತರಗಳ ಎರಡು ಪಟ್ಟು ಜಾಗ ಗಾಜಿನಲ್ಲಿ ಬೀಳುತ್ತದೆ. ದೂರ ಎಷ್ಟೇ ಇರಲಿ, ಈ ಎರಡು ಪಟ್ಟು ಬದಲಾಗುವುದಿಲ್ಲ. 40 × 30 ಸೆಂ.ಮೀ. ಗಾಜಿಗೆ 80 × 60 ಸೆಂ.ಮೀ. ಕಪ್ಪು ಬಟ್ಟೆ ಅಲ್ಲಿಗೆ ಸಾಕು. ಸುತ್ತ ಅರ್ಧ ಗೇಣಾದರೂ ಮಿಗುವಂತೆ ಒಂದು ಮೀಟರ್ ಚೌಕದ್ದು ಹಿಡಿದರೆ ನಿಶ್ಚಿಂತೆ. ಅದೇ ಬಟ್ಟೆಯನ್ನು ಫೋನಿನ ಹಿಂದೆ ದೂರದ ಗೋಡೆಗೆ ಕಟ್ಟಹೊರಟರೆ ಬಹಳ ದೊಡ್ಡದು ಬೇಕು: ಗಾಜಿನಿಂದ ಮೂರು ಮೀಟರ್ ಆಚೆ 190 ಸೆಂ.ಮೀ. ಅಗಲ ಆಗುತ್ತದೆ, ಅದರ ಮೇಲೆ ಫೋನು ಮತ್ತು ಕೈಗಳ ಬಿಂಬ ಹಾಗೇ ಉಳಿಯುತ್ತದೆ. ಬಟ್ಟೆ ಫೋನಿನ ಮುಂದೆಯೇ ಇರಬೇಕು, ಲೆನ್ಸು ಇಣುಕುವಷ್ಟು ತೂತಿನೊಂದಿಗೆ.

ಬಟ್ಟೆಯಲ್ಲಿ ಮಖಮಲ್ಲಿಗೆ ಸಾಟಿಯಿಲ್ಲ. ಹೊಳಪಿರುವ ಪಾಲಿಯೆಸ್ಟರ್, ರೇಷ್ಮೆಯಂಥ ಕಪ್ಪು ಬಟ್ಟೆ ಬಣ್ಣದಲ್ಲಿ ಕಪ್ಪಾದರೂ ಪಕ್ಕದ ದೀಪಕ್ಕೆ ಮಿರುಗುತ್ತದೆ. ಮಖಮಲ್ಲು ಸಿಗದಿದ್ದರೆ ದಪ್ಪ ಕಪ್ಪು ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ. ಎರಡು ಕುರ್ಚಿಗಳ ನಡುವೆ ಬಿಗಿದ ಕೋಲಿಗೋ ದಾರಕ್ಕೋ ತೂಗಿ ಬಿಟ್ಟು, ಲೆನ್ಸಿನ ನೇರಕ್ಕೆ ಎರಡು ಬೆರಳಗಲದ ಸೀಳು ಬಿಡಿ. ತೂತು ಅದಕ್ಕಿಂತ ದೊಡ್ಡದಾದರೆ ಫೋನಿನ ಹಿಂಬದಿ ಗಾಜಿನ ಮಧ್ಯದಲ್ಲಿ ಬೂದು ಮಚ್ಚೆಯಾಗಿ ಬೀಳುತ್ತದೆ. ತೀರಾ ಚಿಕ್ಕದಾದರೆ ಚಿತ್ರದ ನಾಲ್ಕು ಮೂಲೆಗಳು ಕಪ್ಪಾಗುತ್ತವೆ. ಹಾಗಾದಲ್ಲಿ ಬಟ್ಟೆಯನ್ನು ಲೆನ್ಸಿಗೆ ಇನ್ನಷ್ಟು ಒತ್ತಿ ಇಡಿ, ತೂತನ್ನು ಹಿಗ್ಗಿಸುವ ಅಗತ್ಯ ಬಾರದಿರಬಹುದು. ಫ್ಲ್ಯಾಶ್ ಆಫ್ ಆಗಿರಲಿ, 3 ಸೆಕೆಂಡಿನ ಟೈಮರ್ ಹಾಕಿ.

ಪೋಲರೈಸಿಂಗ್ ಫಿಲ್ಟರ್ ಅಥವಾ ಪೋಲರಾಯ್ಡ್ ತಂಪುಕನ್ನಡಕದ ಗಾಜನ್ನು ಲೆನ್ಸಿಗೆ ಅಡ್ಡ ಹಿಡಿದರೆ ಹೊಳಪು ಹೋಗುತ್ತದೆ ಎಂಬ ಮಾತಿದೆ. ಅದು ಓರೆಯಿಂದ ನೋಡಿದಾಗ ನಿಜ. ಗಾಜಿಗೆ ಎಳೆದ ಲಂಬದಿಂದ ಸುಮಾರು 56 ಡಿಗ್ರಿ ಕೋನದಲ್ಲಿ ಅದರ ಪರಿಣಾಮ ಪೂರ್ಣ. ನೀವು ನಿಂತಿರುವುದು ಲಂಬವಾಗಿಯೇ ಆದ್ದರಿಂದ ಇಲ್ಲಿ ಅದು ಬೆಳಕನ್ನು ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡುವುದು ಬಿಟ್ಟರೆ ಕೋಣೆಯ ಪ್ರತಿಬಿಂಬಕ್ಕೆ ಏನನ್ನೂ ಮಾಡದು. ದೀಪಗಳ ಮುಂದೆಯೂ ಪೋಲರೈಸಿಂಗ್ ಹಾಳೆ ಕಟ್ಟಿ, ಲೆನ್ಸಿನದನ್ನು ಅದಕ್ಕೆ ಅಡ್ಡವಾಗಿ ತಿರುಗಿಸುವ ಕ್ರಮ ಬೇರೆ. ಹಿಂದೆ ಹೇಳಿದ ಬೆಳ್ಳಿಯ ಮಿನುಗು ವಿಪರೀತವಾಗಿದ್ದರೆ ಅದೊಂದೇ ಪರಿಣಾಮಕಾರಿ.

ಬಟ್ಟೆಯೇ ಇಲ್ಲದ ಸಂದರ್ಭಕ್ಕೆ ಒಂದು ಉಪಾಯ ಹೇಳಬೇಕು, ಇದು ಹೆಚ್ಚಿನವರಿಗೆ ತಿಳಿದಿಲ್ಲ. ಕನ್ನಡಿಯಿಂದ ಫೋನನ್ನು ನೇರ ಮಾಡಿದ ಮೇಲೆ ಅದನ್ನು ತಿರುಗಿಸದೆ, ಗಾಜಿಗೆ ಸಮಾನಾಂತರವಾಗಿ ಪಕ್ಕಕ್ಕೆ ಜಾರಿಸಿ. 1x ಲೆನ್ಸು ಬಳಸಿ, 80 ಸೆಂ.ಮೀ. ದೂರದಲ್ಲೇ 25 ಸೆಂ.ಮೀ. ಎಡಕ್ಕೆ ಸರಿಸಿದರೆ ಚೌಕಟ್ಟು ಚಿತ್ರದ ಬಲ ಅರ್ಧದಲ್ಲಿ ಕೂರುತ್ತದೆ, ಫೋನಿನ ಬಿಂಬ ಗಾಜಿನಿಂದ ಆಚೆ ಹೋಗುತ್ತದೆ. ಫೋನು ಇನ್ನೂ ಗಾಜಿಗೆ ನೇರವಾಗಿಯೇ ಇರುವುದರಿಂದ ಓರೆ ಬರುವುದಿಲ್ಲ. ಆಮೇಲೆ ಆ ಅರ್ಧವನ್ನು ಕತ್ತರಿಸಿಕೊಳ್ಳಿ. ಬೆಲೆ ಇಲ್ಲದೆ ಇಲ್ಲ: ಪಿಕ್ಸೆಲ್‌ಗಳು ಅರ್ಧಕ್ಕಿಳಿಯುತ್ತವೆ, ಲೆನ್ಸಿನ ಅಂಚಿನ ಭಾಗ ಬಳಸುವುದರಿಂದ ಹರಿತ ಕೊಂಚ ಕಡಿಮೆ. ಗಾಜು ಈಗ ಕೋಣೆಯ ಬಲಭಾಗವನ್ನು ನೋಡುತ್ತಿರುತ್ತದೆ, ಆದ್ದರಿಂದ ಆ ಕಡೆ ಕತ್ತಲಿರಬೇಕು.

ಏರುಪೇರು ಬೆಳಕು

ಫೋಟೊದ ಮೇಲೆ ನೇರವಾಗಿ ಬೆಳಕಿನ ವ್ಯತ್ಯಾಸ ಅಳೆಯಲು ಹೋಗಬೇಡಿ. ಹಳೆಯ ಫೋಟೊ ತಾನೇ ಏರುಪೇರಾಗಿ ಮಾಸಿರುತ್ತದೆ, ಸ್ಟುಡಿಯೋದ ಹಿನ್ನೆಲೆ ಪರದೆಯೂ ಒಂದು ಪಕ್ಕ ಕಪ್ಪಾಗಿರುತ್ತದೆ. ಗಾಜನ್ನು ಪೂರ್ತಿ ಮುಚ್ಚುವಷ್ಟು ಬಿಳಿ ಕಾಗದ ಹರಡಿ, ಅದರ ಚಿತ್ರವೊಂದನ್ನು ತೆಗೆದು, ಎಡಿಟ್‌ನಲ್ಲಿ ಕಾಂಟ್ರಾಸ್ಟನ್ನು ಕೊನೆಯವರೆಗೆ ಏರಿಸಿ ನೋಡಿ. ಕಣ್ಣಿಗೆ ಸಮ ಎಂದು ಕಂಡ ಬೆಳಕು ಯಾವ ಮೂಲೆಯಲ್ಲಿ ಕುಸಿದಿದೆ ಎಂದು ಆಗ ಗೊತ್ತಾಗುತ್ತದೆ. ಎಡ-ಬಲ ವ್ಯತ್ಯಾಸವಿದ್ದರೆ ದೋಷ ದೀಪದ್ದು. ನಾಲ್ಕೂ ಮೂಲೆ ಒಂದೇ ಸಮ ಮಂಕಾಗಿದ್ದರೆ ಅದು ಲೆನ್ಸಿನ ಸ್ವಭಾವ ಅಥವಾ ಬಟ್ಟೆಯ ತೂತು. ದೀಪ ಕದಲಿಸಿ ಪ್ರಯೋಜನವಿಲ್ಲ.

ಒಂದೇ ಪಕ್ಕದ ಸಣ್ಣ ದೀಪದಿಂದ ಸಮ ಬೆಳಕು ಸಿಗುವುದಿಲ್ಲ. ದೂರ ಹೆಚ್ಚಿದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. ದೀಪದಿಂದ ಹತ್ತಿರದ ಅಂಚು 60 ಸೆಂ.ಮೀ., ದೂರದ ಅಂಚು ಒಂದು ಮೀಟರ್ ಇದ್ದರೆ ಎರಡರ ನಡುವೆ ಸುಮಾರು ಎರಡೂಮುಕ್ಕಾಲು ಪಟ್ಟು ಅಂತರ. ದೀಪವನ್ನು ಒಂದೂವರೆ ಮೀಟರಿಗೆ ಹಿಂದಕ್ಕೆ ಒಯ್ದರೆ ಅದು ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಎರಡು ಪಕ್ಕಕ್ಕೂ ಒಂದೊಂದು ದೀಪ ಇಟ್ಟರೆ ಒಂದು ಕುಸಿದಲ್ಲಿ ಇನ್ನೊಂದು ಏರುತ್ತದೆ, ಅಂತರ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ನಮ್ಮ 40 ಸೆಂ.ಮೀ. ಗಾಜಿಗೆ ಎರಡು ದೀಪಗಳನ್ನೂ ಮಧ್ಯದಿಂದ ಒಂದು ಮೀಟರ್ ಪಕ್ಕಕ್ಕೆ, ಗಾಜಿನಿಂದ ಒಂದು ಮೀಟರ್ ಮುಂದಕ್ಕೆ, ಗಾಜಿನ ಮಧ್ಯದ ಎತ್ತರದಲ್ಲಿ ನಿಲ್ಲಿಸಿ. ಬೆಳಕು 45 ಡಿಗ್ರಿಯಲ್ಲಿ ಬೀಳುತ್ತದೆ. ಈ ಜಾಗದಲ್ಲಿ ಇಡುವುದಕ್ಕೆ ಎರಡು ಕಾರಣ. ಗಾಜಿನಲ್ಲಿ ಬೀಳುವ ವಲಯ ಆ ದೂರದಲ್ಲಿ ಮಧ್ಯದಿಂದ 45 ಸೆಂ.ಮೀ.ಗೆ ಮುಗಿಯುತ್ತದೆ, ದೀಪ ಅದರಿಂದ ಸಾಕಷ್ಟು ಆಚೆ ಇದೆ. ಜೊತೆಗೆ ದೀಪಗಳು ಕಪ್ಪು ಬಟ್ಟೆಯ ಸಾಲಿಗಿಂತ ಒಂದು ಗೇಣು ಹಿಂದಿರುವುದರಿಂದ ಬಟ್ಟೆಯ ಮುಂಬದಿಗೆ ನೇರ ಬೆಳಕು ತಾಕುವುದಿಲ್ಲ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಪ್ರತಿ ದೀಪದ ಮುಖವನ್ನು ಫೋಟೊದ ಮಧ್ಯಕ್ಕಲ್ಲ, ಅದರಿಂದ ದೂರದ ಅಂಚಿಗೆ ತಿರುಗಿಸಿ.

ಎರಡೂ ಸಮವಾಗಿವೆಯೇ ಎಂದು ನೋಡಲು ಬಿಳಿ ಕಾಗದದ ಮಧ್ಯಕ್ಕೆ ಪೆನ್ಸಿಲೊಂದನ್ನು ನೆಟ್ಟಗೆ ಹಿಡಿಯಿರಿ. ಎಡಕ್ಕೊಂದು ಬಲಕ್ಕೊಂದು ನೆರಳು ಬೀಳುತ್ತದೆ. ಎರಡರ ಕಪ್ಪೂ ಉದ್ದವೂ ಒಂದೇ ಆಗಿರಬೇಕು. ಬಲಗಡೆ ಬೀಳುವ ನೆರಳು ಹೆಚ್ಚು ಕಪ್ಪಾಗಿದ್ದರೆ ಎಡದ ದೀಪ ಜೋರಾಗಿದೆ, ಅದನ್ನು ಹಿಂದಕ್ಕೆ ಸರಿಸಿ. ಉದ್ದ ಬೇರೆಯಿದ್ದರೆ ಕೋನ ಬೇರೆ.

ಆಳವಾದ ಚೌಕಟ್ಟಾದರೆ ಇನ್ನೊಂದು ದೋಷ ಕಾಣುತ್ತದೆ: ಫೋಟೊದ ಎರಡು ಪಕ್ಕ ಕಡ್ಡಿಯಂಥ ಮಂಕು ಪಟ್ಟಿ. ಚೌಕಟ್ಟಿನ ಮರ ಗಾಜಿಗಿಂತ ಒಂದೂವರೆ ಸೆಂ.ಮೀ. ಎದ್ದಿದ್ದರೆ 45 ಡಿಗ್ರಿ ಬೆಳಕಿಗೆ ಒಂದೂವರೆ ಸೆಂ.ಮೀ. ನೆರಳು ಬೀಳುತ್ತದೆ. ಮೌಂಟ್ ಇದ್ದರೆ ಅದು ಮೌಂಟಿನ ಮೇಲೇ ಮುಗಿಯುತ್ತದೆ, ಚಿಂತೆಯಿಲ್ಲ. ಇಲ್ಲದಿದ್ದರೆ ದೀಪಗಳನ್ನು ಒಳಕ್ಕೆ, ಮಧ್ಯದಿಂದ 70 ಸೆಂ.ಮೀ.ವರೆಗೆ ತನ್ನಿ, ನೆರಳು ಒಂದು ಸೆಂ.ಮೀ. ಆಗುತ್ತದೆ. ಅದಕ್ಕಿಂತ ಒಳಗೆ ತಂದರೆ ಬಟ್ಟೆ ಅಡ್ಡ ಬರುತ್ತದೆ, ಹೊಳಪಿನ ವಲಯವೂ ಹತ್ತಿರವಾಗುತ್ತದೆ.

ಎರಡೂ ಬಲ್ಬುಗಳು ಒಂದೇ ಜಾತಿಯವಾಗಿರಲಿ. ಒಂದು ಪಕ್ಕ ಕಿಟಕಿ, ಇನ್ನೊಂದು ಪಕ್ಕ ಹಳದಿ ಬಲ್ಬು ಇದ್ದರೆ ಚಿತ್ರ ಅರ್ಧ ನೀಲಿ ಅರ್ಧ ಹಳದಿ ಆಗುತ್ತದೆ, ಅದನ್ನು ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಪಡಿಸಲಾಗದು. ತೆರೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಬಲ್ಬು ಮಿನುಗುತ್ತಿದೆ. ಪ್ರೊ ಮೋಡಿನಲ್ಲಿ ಶಟರನ್ನು, 50 ಹರ್ಟ್ಜ್ ವಿದ್ಯುತ್ತಾದರೆ 1/50, 60 ಹರ್ಟ್ಜ್ ಆದರೆ 1/60 ಇಡಿ. ಬಲ್ಬುಗಳೇ ಇಲ್ಲದಿದ್ದರೆ ಕಿಟಕಿ ಒಂದು ಪಕ್ಕಕ್ಕಿರುವಂತೆ ಚೌಕಟ್ಟನ್ನು ನಿಲ್ಲಿಸಿ, ಎರಡು ಮೂರು ಮೀಟರ್ ದೂರದಲ್ಲಿಟ್ಟು, ಎದುರು ಪಕ್ಕಕ್ಕೆ ಬಿಳಿ ಹಾಳೆಯೊಂದನ್ನು ಗಾಜಿನ ವಲಯಕ್ಕೆ ಬೀಳದಂತೆ ಹಿಡಿಯಿರಿ. ಬಿಸಿಲು ನೇರವಾಗಿ ಬೀಳಬಾರದು.

ಒಂದು ಚಿತ್ರವನ್ನು ಓದುವ ಬಗೆ

ಗೋಡೆಯ ಮೇಲೆ ಇದ್ದಂತೆಯೇ ತೆಗೆದ ಚಿತ್ರವೊಂದು ನಿಮ್ಮ ಮುಂದಿದೆ ಎನ್ನಿ: 40 × 30 ಸೆಂ.ಮೀ. ಗಾಜು, ಒಳಗೆ ಕೂತವರು, ನಿಂತವರ ಗುಂಪು. ಮೇಲಂಚು ಅಗಲವಾಗಿದೆ. ನಿಂತವರ ಕಪ್ಪು ಕೋಟುಗಳ ಮೇಲೆ ಬೂದು ಚೌಕವೊಂದಿದೆ, ಅದರ ಅಂಚು ಜೋಡಿಯಾಗಿ ಕಾಣುತ್ತದೆ. ಬಲ ಮೂರನೇ ಒಂದು ಭಾಗ ಮಂಕು. ಬಲ ಕೆಳಮೂಲೆಯಲ್ಲಿ ನೀಲಿಯ ಮಿನುಗು.

ಜೋಡಿ ಅಂಚೇ ಹೇಳುತ್ತದೆ, ಬೂದು ಚೌಕ ಪ್ರತಿಬಿಂಬವೆಂದು. ಗಾಜಿನ ಮುಂದಿನ, ಹಿಂದಿನ ಎರಡು ಮೈಗಳೂ ಒಂದೊಂದು ಬಿಂಬ ಕೊಟ್ಟಿವೆ. ಚೌಕದ ಆಕಾರದಿಂದ ಅದು ಎದುರಿನ ಕಿಟಕಿ. ಅಂದರೆ ಕಿಟಕಿ ಎದುರಿಗಿದೆ. ಆದರೂ ಬಲ ಮಂಕಾಗಿದೆ ಎಂದರೆ ಎಡಗಡೆ ಕೋಣೆಯ ಬಲ್ಬು ಉರಿಯುತ್ತಿತ್ತು. ಮೇಲಂಚಿನ ಅಗಲ ದಾರಕ್ಕೆ ತೂಗಿದ್ದರಿಂದ ಆದದ್ದೋ ಫೋನನ್ನು ಮೇಲಿಂದ ಹಿಡಿದದ್ದರಿಂದ ಆದದ್ದೋ ಚಿತ್ರದಿಂದ ಹೇಳಲಾಗದು, ಹೇಳುವ ಅಗತ್ಯವೂ ಇಲ್ಲ. ಕನ್ನಡಿ ಎರಡನ್ನೂ ಒಟ್ಟಿಗೆ ಸರಿಪಡಿಸುತ್ತದೆ.

ಚೌಕಟ್ಟನ್ನು ಇಳಿಸಿ ಒರಗಿಸಿ, ಕನ್ನಡಿಯಿಂದ ಫೋನು ನೇರ ಮಾಡಿ, ಕಿಟಕಿಗೆ ಪರದೆ ಎಳೆದು ಬಟ್ಟೆ ತೂಗಿಬಿಟ್ಟು, ಬಲ್ಬು ಆರಿಸಿ ಎರಡು ದೀಪ ಇಟ್ಟು ತೆಗೆದಾಗ ಬೂದು ಚೌಕ, ಓರೆ, ಮಂಕು ಮೂರೂ ಹೋಗುತ್ತವೆ. ಇಷ್ಟಾದ ಮೇಲೂ ಕೋಟುಗಳು ತುಸು ಬೂದಾಗಿದ್ದರೆ ಕನ್ನಡಿಯನ್ನು ಮತ್ತೊಮ್ಮೆ ಮೂಲೆಗಳಿಗೆ ಹಿಡಿಸಿ. ಚೌಕಟ್ಟು ನಿಂತಿರುವ ಬಿಳಿ ಮೇಜಿನ ಮೇಲ್ಮೈಯೇ ದೀಪದ ಬೆಳಕನ್ನು ಬಟ್ಟೆಗೆ ಚಿಮ್ಮಿಸುತ್ತಿರುತ್ತದೆ. ಮೇಜಿನ ಮೇಲೂ ಕಪ್ಪು ಹಾಸಿ. ಬಲಮೂಲೆಯ ನೀಲಿ ಮಿನುಗು ತಗ್ಗಿದ್ದರೂ ಉಳಿದಿರುತ್ತದೆ. ಅದು ಬೆಳ್ಳಿ, ಆ ಫೋಟೊದ ವಯಸ್ಸಿನ ಭಾಗ.

ಈ ಕ್ರಮ ಸೋಲುವಲ್ಲಿ

ಉಬ್ಬು ಗಾಜಿನ ಕಟ್ಟುಗಳಿಗೆ ಎರಡು ಪಟ್ಟಿನ ಲೆಕ್ಕ ನಡೆಯದು. ಉಬ್ಬು ಗಾಜು ಹೆಚ್ಚುಕಡಿಮೆ ಇಡೀ ಕೋಣೆಯನ್ನೇ ತೋರಿಸುತ್ತದೆ, ದೀಪವೂ ಎಲ್ಲೋ ಒಂದು ಚುಕ್ಕೆಯಾಗಿ ಬಿದ್ದೇ ಬೀಳುತ್ತದೆ. ಅಲ್ಲಿ ದೀಪಗಳನ್ನು ಒಂದೊಂದೇ ಹಚ್ಚಿ, ಫೋನು ಕದಲದಂತೆ ಎರಡು ಚಿತ್ರ ತೆಗೆದು, ಚುಕ್ಕೆ ಇಲ್ಲದ ಭಾಗಗಳನ್ನು ಜೋಡಿಸುವುದೊಂದೇ ದಾರಿ. ಕೈಯಿಂದ ತಯಾರಿಸಿದ, ಅಲೆಯಿರುವ ಹಳೆಯ ಗಾಜಿಗೆ ಬಟ್ಟೆಯನ್ನು ಇನ್ನೂ ಅರ್ಧ ಪಟ್ಟು ದೊಡ್ಡದು ಮಾಡಿದರೆ ಸಾಕಾಗುತ್ತದೆ.

ಫೋನು ತಾನಾಗಿ ಮಾಡುವ ಸಹಾಯಗಳಲ್ಲಿ ಕೆಲವು ಇಲ್ಲಿ ಕೆಡುಕು. ಡಾಕ್ಯುಮೆಂಟ್ ಸ್ಕ್ಯಾನ್ ಓರೆಯನ್ನು ಎಳೆದು ಸರಿಮಾಡುತ್ತದೆ, ಆದರೆ ಕಾಗದ ಬೆಳ್ಳಗಾಗಲಿ ಎಂದು ಫೋಟೊದ ಮಂದ ಛಾಯೆಗಳನ್ನು ನುಂಗಿಹಾಕುತ್ತದೆ. ಬ್ಯೂಟಿ, ಪೋರ್ಟ್ರೇಟ್ ಮೋಡುಗಳು ಫೋಟೊದೊಳಗಿನ ಮುಖಗಳನ್ನೂ ಮುಖಗಳೆಂದೇ ತಿಳಿದು ನುಣುಪು ಮಾಡುತ್ತವೆ. ಎರಡನ್ನೂ ಆಫ್ ಮಾಡಿ. ಕಂದು ಛಾಯೆಯ ಫೋಟೊ ಆಗಿದ್ದರೆ ಫೋನು ಆ ಕಂದನ್ನೇ ದೋಷವೆಂದು ಬಗೆದು ತೊಳೆದುಬಿಡಬಹುದು. ಚೌಕಟ್ಟಿನ ಪಕ್ಕದಲ್ಲಿ ಬಿಳಿ ಕಾಗದದ ಚೂರೊಂದು ಚಿತ್ರದೊಳಗೇ ಇರಲಿ. ಎಡಿಟ್ ಮಾಡುವಾಗ ಆ ಚೂರು ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸಿದರೆ ಕಂದು ತನ್ನ ಜಾಗಕ್ಕೆ ಬರುತ್ತದೆ.

ಉಳಿದ ಚೂರುಪಾರು ಓರೆಯನ್ನು ಎಡಿಟ್‌ನ ಪರ್ಸ್ಪೆಕ್ಟಿವ್ ಸಾಧನದಿಂದ ಸರಿಮಾಡಬಹುದು, ಆದರೆ ನಾಲ್ಕು ಮೂಲೆ ಚೌಕವಾದ ಮಾತ್ರಕ್ಕೆ ಆಕಾರ ಸರಿಯಾಗಿದೆ ಎಂದಲ್ಲ. ಮುಖಗಳು ಅಗಲಕ್ಕೋ ಉದ್ದಕ್ಕೋ ಹಿಗ್ಗಿರಬಹುದು. ಗಾಜಿನ ಮೇಲಿನಿಂದಲೇ ಸ್ಕೇಲಿಟ್ಟು ಫೋಟೊದ ಕಾಣುವ ಭಾಗವನ್ನು ಅಳೆದುಕೊಳ್ಳಿ. ಅಗಲ 36, ಎತ್ತರ 27 ಸೆಂ.ಮೀ. ಬಂದರೆ ಅನುಪಾತ 1.33. ಕತ್ತರಿಸಿದ ಚಿತ್ರದ ಅಗಲವನ್ನು ಎತ್ತರದಿಂದ ಭಾಗಿಸಿ ಅದೇ ಸಂಖ್ಯೆ ಬರುವವರೆಗೆ ಹೊಂದಿಸಿ, ಫೋನು ಮೊದಲು ತೆಗೆದ ಪ್ರತಿಯನ್ನು ಮುಟ್ಟದೆ, ಇದನ್ನು ಬೇರೆ ಹೆಸರಿನಲ್ಲಿ ಉಳಿಸಿ.